ಫಾಲ್ಸಿಪಾರಂ ಮಲೇರಿಯಾ: ಸ್ಲೈಡಿನಲ್ಲಿ ಏನು ಓದಬೇಕು, ರೋಗಿಯಲ್ಲಿ ಏನು ನೋಡಬೇಕು

ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವ ಕಾಲ ಬಂತೆಂದರೆ ಒಡಿಶಾ, ಜಾರ್ಖಂಡ್, ಅಸ್ಸಾಂಗಳಿಂದ ಬಂದ ಕೆಲಸಗಾರರಿಂದ ಲೈನ್ ಮನೆಗಳು ತುಂಬುತ್ತವೆ. ಅವರಲ್ಲಿ ಯಾರಿಗಾದರೂ ಜ್ವರ ಬಂದರೆ ನಮ್ಮ ಭಾಗದ ವೈದ್ಯರಿಗೆ ಮೊದಲು ಡೆಂಗಿ ನೆನಪಾಗುತ್ತದೆ, ಆಮೇಲೆ ಇಲಿಜ್ವರ, ಕಾಡಂಚಿನ ಊರಾದರೆ ಮಂಗನಕಾಯಿಲೆ. ಮಲೇರಿಯಾ ಇಲ್ಲಿ ಅಪರೂಪವಾಗಿರುವುದರಿಂದ ಅದನ್ನು ನೋಡುವ ಕಣ್ಣಿಗೆ ಅಭ್ಯಾಸ ತಪ್ಪಿದೆ. ಈ ಬರಹ ತಾಲ್ಲೂಕು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುವ ಪ್ರಯೋಗಾಲಯ ತಂತ್ರಜ್ಞರಿಗೆ, ನರ್ಸುಗಳಿಗೆ ಮತ್ತು ಕಿರಿಯ ವೈದ್ಯರಿಗೆ. ಇದರಲ್ಲಿ ಒಂದೇ ಒಂದು ವಿಷಯವನ್ನು ಬಿಡಿಸಿ ಹೇಳುತ್ತೇನೆ: ಫಾಲ್ಸಿಪಾರಂ ಸೋಂಕಿನಲ್ಲಿ ಸ್ಲೈಡ್ ತೋರಿಸುವ ಪರಾವಲಂಬಿಗಳ ಸಂಖ್ಯೆಗೂ ರೋಗಿಯ ನಿಜವಾದ ಸ್ಥಿತಿಗೂ ನಡುವೆ ಇರುವ ಅಂತರವನ್ನು ಹೇಗೆ ಗುರುತಿಸುವುದು.

ಉದಾಹರಣೆಗೆ ಹೀಗೊಂದು ಪ್ರಕರಣವನ್ನು ಇಟ್ಟುಕೊಳ್ಳೋಣ. ಇಪ್ಪತ್ತೆಂಟು ವರ್ಷದ ಕೆಲಸಗಾರ, ತೂಕ 54 ಕೆ.ಜಿ. ಐದು ದಿನದಿಂದ ಜ್ವರ. ಮೆಡಿಕಲ್ ಅಂಗಡಿಯ ಪ್ಯಾರಾಸಿಟಮಾಲ್ ನುಂಗಿ ಎರಡು ದಿನ ಕೊಯ್ಲಿಗೂ ಹೋಗಿದ್ದಾನೆ. ಈ ದಿನ ಬೆಳಗ್ಗೆಯಿಂದ ಎದ್ದು ಕೂರಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಎಂದು ತೋಟದ ರೈಟರ್ ಜೀಪಿನಲ್ಲಿ ಹಾಕಿಕೊಂಡು ಸಂಜೆ ಆರು ಗಂಟೆಗೆ ತಾಲ್ಲೂಕು ಆಸ್ಪತ್ರೆಗೆ ಕರೆತಂದಿದ್ದಾನೆ. ರಕ್ತ ತೆಗೆಯುವ ಮೊದಲು ರೈಟರನ್ನು ಕೇಳಬೇಕಾದ ಪ್ರಶ್ನೆ ಒಂದೇ: “ಇವನು ತನ್ನ ಊರಿನಿಂದ ಬಂದು ಎಷ್ಟು ದಿನವಾಯಿತು?” ಹನ್ನೆರಡು ದಿನ ಎಂಬ ಉತ್ತರ ಬಂದರೆ ಲೆಕ್ಕ ಕೂಡುತ್ತದೆ. ಸೊಳ್ಳೆ ಕಚ್ಚಿದ ಮೇಲೆ ಫಾಲ್ಸಿಪಾರಂ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 9ರಿಂದ 14 ದಿನ ಬೇಕು. ಇವನಿಗೆ ಜ್ವರ ಶುರುವಾದದ್ದು ಇಲ್ಲಿಗೆ ಬಂದ ಏಳನೆಯ ದಿನ, ಅಂದರೆ ಸೋಂಕನ್ನು ಅವನು ಊರಿನಿಂದಲೇ ತಂದಿದ್ದಾನೆ. ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಹತ್ತಿ ವಾಪಸ್ ಬರುವ ನಮ್ಮದೇ ಹುಡುಗರಿಗೂ ಇದೇ ಪ್ರಶ್ನೆ ಕೇಳಬೇಕು.

ರಕ್ತಲೇಪನ ತಯಾರಿಸುವುದು

ಒಂದೇ ಸ್ಲೈಡಿನ ಮೇಲೆ ದಪ್ಪ ಲೇಪನ ಮತ್ತು ತೆಳು ಲೇಪನ ಎರಡನ್ನೂ ಮಾಡಬೇಕು. ದಪ್ಪ ಲೇಪನ ಪರಾವಲಂಬಿ ಇದೆಯೇ ಇಲ್ಲವೇ ಎಂದು ಹೇಳುತ್ತದೆ, ತೆಳು ಲೇಪನ ಅದು ಯಾವ ಜಾತಿಯದು ಎಂದು ಹೇಳುತ್ತದೆ. ಉಂಗುರ ಬೆರಳಿನ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಅದು ಪೂರ್ತಿ ಆರುವವರೆಗೆ ಕಾದು, ಬೆರಳಿನ ಪಕ್ಕಕ್ಕೆ ಲ್ಯಾನ್ಸೆಟ್ ಚುಚ್ಚಬೇಕು. ಸ್ಪಿರಿಟ್ ಆರದಿದ್ದರೆ ರಕ್ತಕಣಗಳು ಅಲ್ಲೇ ಒಡೆಯುತ್ತವೆ. ಮೊದಲ ಹನಿಯನ್ನು ಒರೆಸಿಬಿಡಬೇಕು. ದಪ್ಪ ಲೇಪನಕ್ಕೆ ಸುಮಾರು 6 ಮೈಕ್ರೋಲೀಟರ್ ರಕ್ತವನ್ನು ಇನ್ನೊಂದು ಸ್ಲೈಡಿನ ಮೂಲೆಯಿಂದ ಸುತ್ತಿ ಸುತ್ತಿ ಸುಮಾರು ಒಂದು ಸೆಂಟಿಮೀಟರ್ ಅಗಲದ ಬಿಲ್ಲೆಯಂತೆ ಹರಡಬೇಕು. ತೆಳು ಲೇಪನಕ್ಕೆ 2 ಮೈಕ್ರೋಲೀಟರಿನಷ್ಟು ಚಿಕ್ಕ ಹನಿ ಸಾಕು. ದಪ್ಪ ಲೇಪನದ ಕೆಳಗೆ ಅಚ್ಚಾದ ಕಾಗದ ಇಟ್ಟು ನೋಡಿದಾಗ ಅಕ್ಷರಗಳು ಕಷ್ಟಪಟ್ಟು ಓದುವಷ್ಟು ಕಂಡರೆ ದಪ್ಪ ಸರಿಯಾಗಿದೆ ಎಂದರ್ಥ.

ತೆಳು ಲೇಪನವನ್ನು ಮಾತ್ರ ಮೆಥನಾಲಿನಲ್ಲಿ ಅದ್ದಿ ಸ್ಥಿರಗೊಳಿಸಬೇಕು, ದಪ್ಪ ಲೇಪನಕ್ಕೆ ಮೆಥನಾಲ್ ತಾಗಕೂಡದು. ದಪ್ಪ ಲೇಪನದಲ್ಲಿ ಕೆಂಪು ರಕ್ತಕಣಗಳು ನೀರಿನಲ್ಲಿ ಒಡೆದು ಅವುಗಳ ಬಣ್ಣ ಹೋಗಬೇಕು. ಹಾಗಾದಾಗಲೇ ಹಲವು ಪದರದ ರಕ್ತದ ಮೂಲಕ ಪರಾವಲಂಬಿಗಳು ಕಾಣುತ್ತವೆ. ಮೆಥನಾಲ್ ತಾಗಿದರೆ ಕಣಗಳು ಒಡೆಯುವುದಿಲ್ಲ, ಸ್ಲೈಡ್ ಹಾಳು. ನಮ್ಮ ಮಲೆನಾಡಿನಲ್ಲಿ ಇದೇ ತಪ್ಪು ಇನ್ನೊಂದು ದಾರಿಯಲ್ಲಿ ನುಸುಳುತ್ತದೆ. ಜೂನ್, ಜುಲೈ ತಿಂಗಳ ತೇವದಲ್ಲಿ ಲೇಪನ ಗಂಟೆಗಟ್ಟಲೆ ಆರದೇ ಇರುವಾಗ ಅದನ್ನು ಬಲ್ಬಿನ ಕೆಳಗೆ ಬಿಸಿ ಮಾಡುವುದುಂಟು. ಬಿಸಿ ಹೆಚ್ಚಾದರೆ ಅದೂ ಮೆಥನಾಲಿನಂತೆಯೇ ಲೇಪನವನ್ನು ಗಟ್ಟಿಗೊಳಿಸುತ್ತದೆ. ಫ್ಯಾನಿನ ತಣ್ಣನೆಯ ಗಾಳಿ ಸಾಕು. ಆರಲು ಇಟ್ಟ ಸ್ಲೈಡನ್ನು ಜಿರಲೆ, ನೊಣಗಳಿಂದ ಮುಚ್ಚಿಡುವುದೂ ಮುಖ್ಯ. ಅವು ರಕ್ತವನ್ನು ನಿಜವಾಗಿಯೂ ತಿಂದುಬಿಡುತ್ತವೆ, ಬೆಳಗ್ಗೆ ಬಂದು ನೋಡಿದರೆ ಅರ್ಧ ಬಿಲ್ಲೆ ಮಾತ್ರ ಉಳಿದಿರುತ್ತದೆ.

ಬಣ್ಣಕ್ಕೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಜೆಎಸ್‌ಬಿ. ಅದು ಕೆಲವೇ ನಿಮಿಷಗಳ ಕೆಲಸ. ಜೀಮ್ಸಾ ಬಳಸುವುದಾದರೆ ಶೇ. 10ರ ದ್ರಾವಣದಲ್ಲಿ 10ರಿಂದ 15 ನಿಮಿಷ, ಸಮಯವಿದ್ದರೆ ಶೇ. 3ರ ದ್ರಾವಣದಲ್ಲಿ 30ರಿಂದ 45 ನಿಮಿಷ ಇಡಬೇಕು. ದ್ರಾವಣಕ್ಕೆ ಪಿಎಚ್ 7.2 ಇರುವ ಬಫರ್ ನೀರು ಬೇಕು. ಕೊಳವೆಬಾವಿಯ ನೀರನ್ನು ನೇರವಾಗಿ ಬಳಸಿದರೆ ಬಣ್ಣ ಏರುಪೇರಾಗುತ್ತದೆ. ನೀರು ಆಮ್ಲೀಯವಾಗಿದ್ದರೆ ವೈವಾಕ್ಸ್‌ನ ಷುಫ್ನರ್ ಚುಕ್ಕೆಗಳು ಕಾಣುವುದೇ ಇಲ್ಲ, ಆಗ ವೈವಾಕ್ಸ್‌ನ ಎಳೆಯ ಉಂಗುರವನ್ನು ಫಾಲ್ಸಿಪಾರಂ ಎಂದು ಬರೆಯುವ ಸಾಧ್ಯತೆ ಹೆಚ್ಚುತ್ತದೆ.

ಜಾತಿ ಗುರುತಿಸುವುದು

ಮನುಷ್ಯನಿಗೆ ಮಲೇರಿಯಾ ತರುವ ಜಾತಿಗಳು ಐದು: ಫಾಲ್ಸಿಪಾರಂ, ವೈವಾಕ್ಸ್, ಮಲೇರಿಯೇ, ಓವಲೆ, ನೋಲೆಸಿ. ಕೊನೆಯ ಮೂರನ್ನು ನಮ್ಮ ಪ್ರಯೋಗಾಲಯಗಳಲ್ಲಿ ಬಹುತೇಕ ತಂತ್ರಜ್ಞರು ಇಡೀ ಸೇವಾವಧಿಯಲ್ಲಿ ನೋಡದೆಯೂ ಇರಬಹುದು. ದಿನನಿತ್ಯದ ಪ್ರಶ್ನೆ ಫಾಲ್ಸಿಪಾರಮೋ ವೈವಾಕ್ಸೋ, ಅಥವಾ ಎರಡೂ ಕೂಡಿವೆಯೋ ಎಂಬುದು.

ತೆಳು ಲೇಪನದಲ್ಲಿ ಮೊದಲು ಪರಾವಲಂಬಿಯನ್ನಲ್ಲ, ಅದು ಕುಳಿತಿರುವ ಕೆಂಪು ರಕ್ತಕಣವನ್ನು ನೋಡಿ, ಪಕ್ಕದ ಸೋಂಕಿಲ್ಲದ ಕಣದೊಂದಿಗೆ ಹೋಲಿಸಿ. ವೈವಾಕ್ಸ್ ಹೊಕ್ಕ ಕಣ ಉಬ್ಬಿ ದೊಡ್ಡದಾಗಿರುತ್ತದೆ, ಒಳಗೆ ನಸುಗೆಂಪು ಚುಕ್ಕೆಗಳು ಚೆಲ್ಲಿರುತ್ತವೆ, ಬೆಳೆದ ಪರಾವಲಂಬಿ ಆಕಾರವಿಲ್ಲದೆ ಹರಿದಾಡಿದಂತೆ ಕಾಣುತ್ತದೆ, ಮತ್ತು ಒಂದೇ ಸ್ಲೈಡಿನಲ್ಲಿ ಎಲ್ಲ ಹಂತಗಳೂ ಸಿಗುತ್ತವೆ. ಫಾಲ್ಸಿಪಾರಂ ಹೊಕ್ಕ ಕಣದ ಗಾತ್ರ ಬದಲಾಗಿರುವುದಿಲ್ಲ. ಒಳಗಿನ ಉಂಗುರ ತೆಳ್ಳಗೆ, ನಾಜೂಕಾಗಿರುತ್ತದೆ. ಒಂದೇ ಉಂಗುರಕ್ಕೆ ಎರಡು ಕ್ರೊಮ್ಯಾಟಿನ್ ಚುಕ್ಕೆಗಳಿರುವುದು, ಒಂದೇ ಕಣದಲ್ಲಿ ಎರಡು ಮೂರು ಉಂಗುರಗಳಿರುವುದು, ಉಂಗುರವು ಕಣದ ಅಂಚಿಗೆ ಅಂಟಿಕೊಂಡಂತಿರುವುದು ಇದರ ಗುರುತುಗಳು. ಬಾಳೆಹಣ್ಣಿನ ಆಕಾರದ ಗ್ಯಾಮಿಟೋಸೈಟ್ ಕಂಡರೆ ಜಾತಿಯ ಬಗ್ಗೆ ಅನುಮಾನವೇ ಉಳಿಯುವುದಿಲ್ಲ. ಆದರೆ ಗ್ಯಾಮಿಟೋಸೈಟ್ ಮಾತ್ರ ಕಂಡು ಉಂಗುರಗಳು ಇಲ್ಲದಿದ್ದರೆ ಅದು ಹಿಂದೆ ಬಂದುಹೋದ ಅಥವಾ ಅರ್ಧ ಚಿಕಿತ್ಸೆಯಾದ ಸೋಂಕಿನ ಕುರುಹಾಗಿರಬಹುದು. ಅದರಿಂದ ಮಾತ್ರ ರೋಗಿ ಈಗ ಸಾಯುವ ಸ್ಥಿತಿಗೆ ಬರುವುದಿಲ್ಲ, ಜ್ವರಕ್ಕೆ ಬೇರೆ ಕಾರಣವನ್ನೂ ಹುಡುಕಬೇಕು.

ಫಾಲ್ಸಿಪಾರಂ ಸ್ಲೈಡಿನಲ್ಲಿ ಸಾಮಾನ್ಯವಾಗಿ ಉಂಗುರಗಳು ಮಾತ್ರ ಕಾಣುವುದಕ್ಕೆ ಕಾರಣವಿದೆ, ಈ ಬರಹದ ತಿರುಳೂ ಅಲ್ಲೇ ಇದೆ. ಈ ಪರಾವಲಂಬಿ ರಕ್ತಕಣದೊಳಗೆ ಬೆಳೆದು ಒಡೆಯಲು ಸುಮಾರು 48 ಗಂಟೆ ಬೇಕು. ಮೊದಲರ್ಧದಲ್ಲಿ ಉಂಗುರವಾಗಿ ರಕ್ತದಲ್ಲಿ ತೇಲುತ್ತಿರುತ್ತದೆ. ಬೆಳೆದಂತೆ ಅದು ರಕ್ತಕಣದ ಮೇಲ್ಮೈಗೆ ಗುಬುಟುಗಳಂಥ ಅಂಟುಪ್ರೋಟೀನುಗಳನ್ನು ತಳ್ಳುತ್ತದೆ. ಆ ಕಣಗಳು ಮಿದುಳು, ಮೂತ್ರಪಿಂಡ, ಕರುಳುಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ಅಲ್ಲೇ ನಿಲ್ಲುತ್ತವೆ. ಬೆರಳ ತುದಿಯಿಂದ ತೆಗೆದ ಹನಿಯಲ್ಲಿ ಅವು ಸಿಗುವುದಿಲ್ಲ. ಹೀಗಾಗಿ ನಾವು ಎಣಿಸುವುದು ತೇಲುತ್ತಿರುವ ಎಳೆಯವನ್ನು ಮಾತ್ರ. ರೋಗಿಯನ್ನು ಕೊಲ್ಲುತ್ತಿರುವುದು ಅಂಟಿ ಕುಳಿತ ಬೆಳೆದವು.

ಎಣಿಕೆ, ಮತ್ತು ಎಣಿಕೆಯಾಚೆ

ನಮ್ಮ ರೋಗಿಯ ದಪ್ಪ ಲೇಪನದಲ್ಲಿ ಆಯಿಲ್ ಇಮ್ಮರ್ಷನ್ ಲೆನ್ಸಿನ ಕೆಳಗೆ 200 ಬಿಳಿ ರಕ್ತಕಣಗಳನ್ನು ಎಣಿಸುವಷ್ಟರಲ್ಲಿ 310 ಪರಾವಲಂಬಿಗಳು ಸಿಕ್ಕವು ಎನ್ನೋಣ. ಬಿಳಿ ರಕ್ತಕಣಗಳ ಸಂಖ್ಯೆ ಮೈಕ್ರೋಲೀಟರಿಗೆ 8,000 ಎಂದು ಊಹಿಸಿಕೊಳ್ಳುವ ರೂಢಿಯಂತೆ ಲೆಕ್ಕ ಹೀಗೆ: 310 × 8000 ÷ 200 = 12,400. ಇವನ ಬಿಳಿ ರಕ್ತಕಣಗಳನ್ನು ನಿಜವಾಗಿ ಎಣಿಸಿದಾಗ 5,200 ಬಂದಿದ್ದರೆ ಉತ್ತರ 8,060ಕ್ಕೆ ಇಳಿಯುತ್ತದೆ. ಹೇಗೆ ನೋಡಿದರೂ ಸೋಂಕಿತ ಕೆಂಪು ಕಣಗಳು ನೂರಕ್ಕೆ ಅರ್ಧವೂ ಇಲ್ಲ. 200 ಬಿಳಿ ಕಣಗಳ ಎಣಿಕೆಯಲ್ಲಿ 100 ಪರಾವಲಂಬಿಗಳೂ ಸಿಗದಿದ್ದರೆ 500ರವರೆಗೆ ಎಣಿಸಬೇಕು. ಏನೂ ಸಿಗದಿದ್ದಾಗ ಕನಿಷ್ಠ 100 ಕ್ಷೇತ್ರಗಳನ್ನು ನೋಡದೆ ‘ಇಲ್ಲ’ ಎಂದು ಬರೆಯಕೂಡದು. ಅನುಮಾನ ಉಳಿದರೆ 12 ಗಂಟೆಗೊಮ್ಮೆ ಮತ್ತೆ ಸ್ಲೈಡ್ ಮಾಡಬೇಕು, ಏಕೆಂದರೆ ಮೊದಲ ಹನಿ ತೆಗೆದ ಹೊತ್ತಿಗೆ ಬಹುಪಾಲು ಪರಾವಲಂಬಿಗಳು ನಾಳಗಳಲ್ಲಿ ಅಡಗಿದ್ದಿರಬಹುದು.

ಇಷ್ಟು ಬರೆದು ಸ್ಲೈಡನ್ನು ಪೆಟ್ಟಿಗೆಗೆ ಹಾಕಿದರೆ ‘ಸೌಮ್ಯ ಸೋಂಕು’ ಎಂಬ ತಪ್ಪು ಸಂದೇಶ ವಾರ್ಡಿಗೆ ಹೋಗುತ್ತದೆ. ಇನ್ನೆರಡು ವಿಷಯಗಳನ್ನು ನೋಡಿ. ಮೊದಲನೆಯದು ಪರಾವಲಂಬಿಗಳ ವಯಸ್ಸು. ತೆಳ್ಳನೆಯ ಎಳೆ ಉಂಗುರಗಳಿಗೆ ಬದಲಾಗಿ ದಪ್ಪನಾದ, ಕಂದು ವರ್ಣಕಣ ಕಾಣುತ್ತಿರುವ ಬೆಳೆದ ರೂಪಗಳೇ ಹೆಚ್ಚಿದ್ದರೆ, ಅಥವಾ ಬೆರಳ ರಕ್ತದಲ್ಲೇ ಷೈಜಾಂಟ್‌ಗಳು ಕಂಡರೆ, ಒಳಗೆ ಅಂಟಿ ಕುಳಿತವು ಬಹಳ ಇವೆ ಎಂದು ತಿಳಿಯಬೇಕು. ಎರಡನೆಯದು ನ್ಯೂಟ್ರೋಫಿಲ್‌ಗಳು. ಒಡೆದ ಪರಾವಲಂಬಿಗಳು ಬಿಟ್ಟುಹೋದ ವರ್ಣಕಣವನ್ನು ಅವು ನುಂಗಿರುತ್ತವೆ. ನೂರು ನ್ಯೂಟ್ರೋಫಿಲ್‌ಗಳಲ್ಲಿ ಐದಕ್ಕಿಂತ ಹೆಚ್ಚು ಕಣಗಳು ವರ್ಣಕಣ ಹೊತ್ತಿದ್ದರೆ ಅದು ಕೆಟ್ಟ ಲಕ್ಷಣ. ನಮ್ಮ ರೋಗಿಯಲ್ಲಿ ಎಂಟು ಸಿಕ್ಕಿವೆ, ಒಂದು ಷೈಜಾಂಟ್ ಕೂಡ ಕಂಡಿದೆ. ವರದಿಯಲ್ಲಿ ಇದಕ್ಕೆ ಮುದ್ರಿತ ಜಾಗವಿರುವುದಿಲ್ಲ, ಆದ್ದರಿಂದ ಕೆಳಗೆ ಕೈಬರಹದಲ್ಲಿ ಬರೆಯಿರಿ. ಬರೆದರೆ ಸಾಲದು, ವಾರ್ಡಿಗೆ ಫೋನ್ ಮಾಡಿ ಹೇಳಿ.

ಕಾರ್ಡ್ ಟೆಸ್ಟ್

ಸ್ಲೈಡ್ ಒಣಗುವಷ್ಟರಲ್ಲಿ ಕ್ಷಿಪ್ರ ಪರೀಕ್ಷೆಯ ಕಾರ್ಡ್ ಉತ್ತರ ಕೊಟ್ಟಿರುತ್ತದೆ. ನಮ್ಮಲ್ಲಿ ಸರಬರಾಜಾಗುವ ಎರಡು ಜಾತಿಯ ಕಾರ್ಡಿನಲ್ಲಿ ಫಾಲ್ಸಿಪಾರಂ ಗೆರೆ ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನೂ ವೈವಾಕ್ಸ್ ಗೆರೆ ಪಿಎಲ್‌ಡಿಎಚ್ ಎಂಬ ಕಿಣ್ವವನ್ನೂ ಹಿಡಿಯುತ್ತದೆ. ಪೊಟ್ಟಣ ಒಡೆದ ತಕ್ಷಣ ಒಳಗಿನ ಸಿಲಿಕಾ ಚೀಲವನ್ನು ನೋಡಿ. ಬಣ್ಣ ತಿರುಗುವ ಬಗೆಯದಾಗಿದ್ದು ಬಣ್ಣ ತಿರುಗಿದ್ದರೆ ತೇವ ಸೇರಿದೆ, ಆ ಕಾರ್ಡ್ ಬೇಡ. ಕಿಟ್ಟಿನ ಜೊತೆಗೇ ಬಂದ ನಳಿಕೆಯಿಂದ ಅದು ಹೇಳಿದಷ್ಟೇ ರಕ್ತ (ಹೆಚ್ಚಿನವುಗಳಲ್ಲಿ 5 ಮೈಕ್ರೋಲೀಟರ್), ಅದೇ ಕಿಟ್ಟಿನ ಬಫರ್, ಅದು ಹೇಳಿದಷ್ಟೇ ಹನಿ ಹಾಕಿ, ಅದು ಹೇಳಿದ ಹೊತ್ತಿಗೆ ಓದಬೇಕು. ಒಂದು ಕಿಟ್ಟಿನ ಬಫರ್ ಮುಗಿದಾಗ ಇನ್ನೊಂದರದ್ದನ್ನು ಅಥವಾ ಸಲೈನನ್ನು ಹಾಕುವುದು ಸುಳ್ಳು ಗೆರೆಗಳಿಗೆ ದಾರಿ. ನಿಯಂತ್ರಣ ಗೆರೆ ಬಾರದಿದ್ದರೆ ಉಳಿದ ಗೆರೆ ಎಷ್ಟೇ ದಟ್ಟವಾಗಿದ್ದರೂ ಪರೀಕ್ಷೆ ಅಸಿಂಧು.

ಗೆರೆಯ ದಟ್ಟತೆ ರೋಗದ ತೀವ್ರತೆಯ ಅಳತೆಯಲ್ಲ. ಎಚ್‌ಆರ್‌ಪಿ-2 ಪ್ರೋಟೀನು ಪರಾವಲಂಬಿ ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ಕಳೆದ ತಿಂಗಳು ಊರಿನಲ್ಲಿ ಚಿಕಿತ್ಸೆ ಪಡೆದವನಿಗೂ ಇಂದು ಗೆರೆ ಬರಬಹುದು. ಆದ್ದರಿಂದಲೇ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಕಾರ್ಡನ್ನು ಬಳಸಕೂಡದು, ಸ್ಲೈಡನ್ನೇ ನೋಡಬೇಕು. ಇದೇ ಗುಣ ಇನ್ನೊಂದು ಸಂದರ್ಭದಲ್ಲಿ ಉಪಕಾರಿ. ಹೊರಗೆಲ್ಲೋ ಒಂದೆರಡು ಡೋಸ್ ಔಷಧಿ ನುಂಗಿ ಬಂದವನ ಸ್ಲೈಡ್ ಖಾಲಿಯಾಗಿದ್ದರೂ ಕಾರ್ಡ್ ಸುಳಿವು ಕೊಡುತ್ತದೆ. ಪರಾವಲಂಬಿಗಳು ಮೈಕ್ರೋಲೀಟರಿಗೆ 100ರಿಂದ 200ಕ್ಕಿಂತ ಕಡಿಮೆಯಿದ್ದರೆ ಕಾರ್ಡ್ ತಪ್ಪಿಸಿಕೊಳ್ಳಬಹುದು. ವಿಚಿತ್ರವೆಂದರೆ ಅತಿ ಹೆಚ್ಚಿದ್ದಾಗಲೂ ಕೆಲವೊಮ್ಮೆ ಎಚ್‌ಆರ್‌ಪಿ-2 ಗೆರೆ ಮಸುಕಾಗುತ್ತದೆ ಅಥವಾ ಬರುವುದೇ ಇಲ್ಲ. ಪ್ರೋಟೀನು ವಿಪರೀತವಾಗಿ ಗೆರೆಯ ಮೇಲಿನ ಪ್ರತಿಕಾಯಗಳನ್ನೂ ಬಣ್ಣದ ಪ್ರತಿಕಾಯಗಳನ್ನೂ ಬೇರೆ ಬೇರೆಯಾಗಿ ಮುತ್ತಿಕೊಳ್ಳುವುದರಿಂದ ಎರಡೂ ಒಂದಕ್ಕೊಂದು ಕೊಂಡಿಯಾಗುವುದಿಲ್ಲ. ತೀವ್ರ ಸ್ಥಿತಿಯ ರೋಗಿಯ ಕಾರ್ಡ್ ‘ಇಲ್ಲ’ ಎಂದರೆ ರಕ್ತವನ್ನು ಸಲೈನಿನಲ್ಲಿ ಹತ್ತು ಪಟ್ಟು ತೆಳುಮಾಡಿ ಮತ್ತೆ ಹಾಕಿ ನೋಡಬಹುದು, ಆದರೆ ಅಷ್ಟರಲ್ಲಿ ಸ್ಲೈಡ್ ನೋಡಿ ಮುಗಿದಿರಬೇಕು. ಎಚ್‌ಆರ್‌ಪಿ-2 ವಂಶವಾಹಿಯನ್ನೇ ಕಳೆದುಕೊಂಡ ಫಾಲ್ಸಿಪಾರಂ ತಳಿಗಳೂ ಇವೆ. ಸ್ಲೈಡನ್ನು ಬಿಟ್ಟು ಕಾರ್ಡನ್ನೇ ನಂಬಕೂಡದೆನ್ನುವುದಕ್ಕೆ ಇದು ಇನ್ನೊಂದು ಕಾರಣ.

ಹಾಸಿಗೆಯ ಬಳಿ

ಈಗ ರೋಗಿಯ ಕಡೆ ಬರೋಣ. ಕರೆದರೆ ಕಣ್ಣು ಬಿಡುತ್ತಾನೆ, ಮಾತು ಗೊಂದಲ, ಗ್ಲಾಸ್ಗೋ ಅಂಕ 12. ಹಿಡಿದು ಕೂರಿಸದೆ ಕೂರಲಾರ. ಕಣ್ಣು ಹಳದಿ. ಉಸಿರು ನಿಮಿಷಕ್ಕೆ 34, ಆಳವಾಗಿ ಎಳೆಯುತ್ತಿದ್ದಾನೆ, ಆದರೆ ಆಮ್ಲಜನಕದ ಮಟ್ಟ ಶೇ. 97, ಎದೆ ಸ್ವಚ್ಛ. ಬೆಳಗ್ಗೆಯಿಂದ ಒಂದೇ ಸಲ, ಗಾಢ ಬಣ್ಣದ ಮೂತ್ರ. ಹಿಮೋಗ್ಲೋಬಿನ್ 8.9, ಪ್ಲೇಟ್‌ಲೆಟ್ 42,000, ಬಿಲಿರುಬಿನ್ 4.1, ಕ್ರಿಯಾಟಿನಿನ್ 3.4, ಗ್ಲುಕೋಮೀಟರಿನಲ್ಲಿ ಸಕ್ಕರೆ 38.

ಇದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಪ್ಲೇಟ್‌ಲೆಟ್, ದಾರಿ ತಪ್ಪಿಸುವುದೂ ಅದೇ. ಮಲೇರಿಯಾದಲ್ಲಿ ಪ್ಲೇಟ್‌ಲೆಟ್ ಇಳಿಯುವುದು ತೀರ ಸಾಮಾನ್ಯ, ರಕ್ತಸ್ರಾವವಿಲ್ಲದಿದ್ದರೆ ಅದು ತೀವ್ರತೆಯ ಮಾನದಂಡವಲ್ಲ. ಅದನ್ನು ಹಿಡಿದು ಡೆಂಗಿಯ ಹಿಂದೆ ಹೋದರೆ ಒಂದು ರಾತ್ರಿ ಕಳೆದುಹೋಗುತ್ತದೆ. ಕಾಮಾಲೆಯನ್ನೂ ಎಚ್ಚರದಿಂದ ತೂಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಬಿಲಿರುಬಿನ್ 3 ಮಿ.ಗ್ರಾಂ. ಮೀರಿದ್ದರ ಜೊತೆಗೆ ಪರಾವಲಂಬಿಗಳು ಲಕ್ಷ ಮೀರಿದ್ದರೆ ಮಾತ್ರ ಕಾಮಾಲೆ ತೀವ್ರತೆಯ ಲಕ್ಷಣವಾಗುತ್ತದೆ. ಇವನ ಎಣಿಕೆ ಹನ್ನೆರಡು ಸಾವಿರ. ಗ್ಲಾಸ್ಗೋ ಅಂಕವೂ 11ಕ್ಕಿಂತ ಕೆಳಗಿಲ್ಲ.

ಆದರೂ ಇವನು ತೀವ್ರ ಮಲೇರಿಯಾದ ರೋಗಿಯೇ, ಅದೂ ಹಲವು ಕಾರಣಗಳಿಗೆ. ತಾನಾಗಿ ಕೂರಲಾಗದಷ್ಟು ನಿತ್ರಾಣ ಒಂದೇ ಸಾಕು, ಅದಕ್ಕೆ ಯಾವ ಉಪಕರಣವೂ ಬೇಕಿಲ್ಲ. ಸಕ್ಕರೆ 40ಕ್ಕಿಂತ ಕಡಿಮೆ. ಕ್ರಿಯಾಟಿನಿನ್ 3ಕ್ಕಿಂತ ಹೆಚ್ಚು. ಇನ್ನು ಉಸಿರು: ಶ್ವಾಸಕೋಶ ಸ್ವಚ್ಛವಾಗಿದ್ದು, ಆಮ್ಲಜನಕ ಸರಿಯಿದ್ದು, ಉಸಿರು ಮಾತ್ರ ಆಳವಾಗಿ, ವೇಗವಾಗಿ ನಡೆಯುತ್ತಿದ್ದರೆ ಅದು ರಕ್ತದ ಆಮ್ಲತೆಯನ್ನು ಹೊರಹಾಕುವ ದೇಹದ ಪ್ರಯತ್ನ. ಬ್ಲಡ್ ಗ್ಯಾಸ್ ಯಂತ್ರವಿದ್ದರೆ ಬೈಕಾರ್ಬನೇಟ್ 15ಕ್ಕಿಂತ ಕಡಿಮೆ, ಲ್ಯಾಕ್ಟೇಟ್ 5 ಅಥವಾ ಹೆಚ್ಚು ಎಂದು ತೋರಿಸಬಹುದು. ಯಂತ್ರವಿಲ್ಲದ ಕಡೆ ರೋಗಿಯ ಎದೆಯನ್ನು ಒಂದು ಪೂರ್ತಿ ನಿಮಿಷ ನೋಡುತ್ತ ನಿಂತರೆ ಸಾಕು. ನನ್ನ ಅಭಿಪ್ರಾಯದಲ್ಲಿ ಉಸಿರಾಟದ ಎಣಿಕೆ ವಾರ್ಡಿನಲ್ಲಿ ಅತಿ ಹೆಚ್ಚು ಊಹಿಸಿ ಬರೆಯುವ ಸಂಖ್ಯೆ, ಮತ್ತು ಈ ರೋಗದಲ್ಲಿ ಅತಿ ಹೆಚ್ಚು ಬೆಲೆಯುಳ್ಳದ್ದು.

ಪಟ್ಟಿಯ ಉಳಿದ ಲಕ್ಷಣಗಳಲ್ಲಿ ಕೆಲವು ಇವನಲ್ಲಿಲ್ಲ, ಆದರೆ ರಾತ್ರಿಯೊಳಗೆ ಬರಬಹುದು: 24 ಗಂಟೆಯಲ್ಲಿ ಎರಡಕ್ಕಿಂತ ಹೆಚ್ಚು ಸಲ ಫಿಟ್ಸ್, ಸಂಕೋಚನ ರಕ್ತದೊತ್ತಡ 80ಕ್ಕಿಂತ ಕೆಳಗಿಳಿಯುವುದು, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆಯಾಗುವುದು, ಒಸಡು, ಮೂಗು ಅಥವಾ ಸೂಜಿ ಚುಚ್ಚಿದ ಜಾಗದಿಂದ ನಿಲ್ಲದ ರಕ್ತ, ಆಮ್ಲಜನಕ ಇಳಿದು ಶ್ವಾಸಕೋಶದಲ್ಲಿ ನೀರು ತುಂಬುವುದು. ಪರಾವಲಂಬಿಗಳು ಶೇ. 10 ಮೀರಿದರೆ ಬೇರೆ ಲಕ್ಷಣವಿಲ್ಲದಿದ್ದರೂ ಅದು ತೀವ್ರ ಮಲೇರಿಯಾ. ಅದರ ತಿರುವುಮುರುವು ನಿಜವಲ್ಲ: ಶೇ. 10ಕ್ಕಿಂತ ಕಡಿಮೆ ಎಂದ ಮಾತ್ರಕ್ಕೆ ಸೌಮ್ಯವಲ್ಲ.

ಹಾಸನಕ್ಕೆ ಕಳುಹಿಸುವ ಮೊದಲು

ಸಕ್ಕರೆ ಮೊದಲು. ಶೇ. 25ರ ಡೆಕ್ಸ್‌ಟ್ರೋಸ್ 100 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟು, ಹದಿನೈದು ನಿಮಿಷದ ನಂತರ ಮತ್ತೆ ಅಳೆಯಬೇಕು. ಸಕ್ಕರೆ ಏರಿದ ಮೇಲೂ ಗೊಂದಲ ಉಳಿದಿದ್ದರೆ ಕಾರಣ ಮಿದುಳಿನಲ್ಲೇ ಇದೆ ಎಂದು ತಿಳಿಯಬೇಕು.

ಆಮೇಲೆ ಆರ್ಟಿಸುನೇಟ್ ಚುಚ್ಚುಮದ್ದು, ಆಂಬುಲೆನ್ಸ್ ಬರುವುದಕ್ಕೆ ಕಾಯದೆ. ವಯಸ್ಕರಿಗೆ ಕೆ.ಜಿ.ಗೆ 2.4 ಮಿ.ಗ್ರಾಂ., 20 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ 3 ಮಿ.ಗ್ರಾಂ. ಇವನಿಗೆ 54 × 2.4 = 129.6, ಅಂದರೆ 130 ಮಿ.ಗ್ರಾಂ. 60 ಮಿ.ಗ್ರಾಂ.ನ ಪ್ರತಿ ವೈಯಲಿಗೆ ಜೊತೆಗೆ ಬಂದ 1 ಮಿ.ಲೀ. ಸೋಡಿಯಂ ಬೈಕಾರ್ಬನೇಟ್ ಹಾಕಿ ಪೂರ್ತಿ ತಿಳಿಯಾಗುವವರೆಗೆ ಅಲುಗಿಸಿ, 5 ಮಿ.ಲೀ. ಸಲೈನ್ ಅಥವಾ ಶೇ. 5ರ ಡೆಕ್ಸ್‌ಟ್ರೋಸ್ ಸೇರಿಸಿದರೆ ಮಿ.ಲೀ.ಗೆ 10 ಮಿ.ಗ್ರಾಂ. ಆಗುತ್ತದೆ. ಮೂರು ವೈಯಲು ಕಲಸಿ 13 ಮಿ.ಲೀ. ಕೊಡಬೇಕು. ಕಲಸಿದ್ದನ್ನು ತಕ್ಷಣ ಬಳಸಬೇಕು, ಉಳಿದದ್ದನ್ನು ಮುಂದಿನ ಡೋಸಿಗೆ ಇಡಬಾರದು. ಸಂಜೆ 7ಕ್ಕೆ ಮೊದಲ ಡೋಸ್ ಆದರೆ ಬೆಳಗ್ಗೆ 7ಕ್ಕೆ, ಮರುದಿನ ಸಂಜೆ 7ಕ್ಕೆ, ನಂತರ ದಿನಕ್ಕೊಂದು. ಕೊಟ್ಟ ಹೊತ್ತನ್ನು ರೆಫರಲ್ ಚೀಟಿಯಲ್ಲಿ ದೊಡ್ಡದಾಗಿ ಬರೆಯಬೇಕು, ಇಲ್ಲವಾದರೆ ಎರಡನೆಯ ಡೋಸ್ ತಪ್ಪುತ್ತದೆ. ಕನಿಷ್ಠ 24 ಗಂಟೆ ಚುಚ್ಚುಮದ್ದು ನಡೆದು, ರೋಗಿ ನುಂಗುವಂತಾದ ಮೇಲೆ, ಆರ್ಟಿಮಿಸಿನಿನ್ ಸಂಯುಕ್ತ ಮಾತ್ರೆಗಳ ಪೂರ್ತಿ ಕೋರ್ಸ್ ಆಗಲೇಬೇಕು.

ಮೂತ್ರ ಕಡಿಮೆ ಎಂದು ಸಲೈನ್ ಬಾಟಲಿಗಳನ್ನು ಒಂದರ ಹಿಂದೊಂದು ಓಡಿಸುವುದು ವಯಸ್ಕರಲ್ಲಿ ಅಪಾಯಕಾರಿ. ಇಲ್ಲಿನ ಮೂತ್ರಪಿಂಡದ ಸೋಲಿಗೆ ನೀರಿನ ಕೊರತೆಯೊಂದೇ ಕಾರಣವಲ್ಲ, ಸಣ್ಣ ನಾಳಗಳು ಕಟ್ಟಿಕೊಂಡಿರುವುದೂ ಕಾರಣ. ಹೆಚ್ಚಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಥೆಟರ್ ಹಾಕಿ ಗಂಟೆ ಗಂಟೆಗೆ ಮೂತ್ರ ಅಳೆಯಿರಿ, ಉಸಿರಾಟ ಮತ್ತು ಆಮ್ಲಜನಕ ನೋಡುತ್ತ ನೀರು ಕೊಡಿ. ಮಿದುಳಿನ ಊತಕ್ಕೆಂದು ಸ್ಟೆರಾಯ್ಡ್, ಮ್ಯಾನಿಟಾಲ್ ಕೊಡುವ ಹಳೆಯ ರೂಢಿ ಇನ್ನೂ ಅಲ್ಲಲ್ಲಿ ಕಾಣುತ್ತದೆ, ಈ ರೋಗದಲ್ಲಿ ಅವೆರಡೂ ಬೇಡ.

ಚಿಕಿತ್ಸೆ ಶುರುವಾದ ಮೊದಲ 12ರಿಂದ 24 ಗಂಟೆಗಳಲ್ಲಿ ಸ್ಲೈಡಿನ ಎಣಿಕೆ ಇಳಿಯುವ ಬದಲು ಏರಿದರೆ ಗಾಬರಿಯಾಗಬೇಕಿಲ್ಲ. ಅಂಟಿ ಕುಳಿತ ಷೈಜಾಂಟ್‌ಗಳು ಒಡೆದು ಹೊಸ ಉಂಗುರಗಳು ರಕ್ತಕ್ಕೆ ಬಂದಿರುತ್ತವೆ, ಆಗ ಔಷಧಿ ಬದಲಿಸಕೂಡದು. ಮೂರನೆಯ ದಿನವೂ ಎಣಿಕೆ ಗಣನೀಯವಾಗಿ ಇಳಿಯದಿದ್ದರೆ ಮಾತ್ರ ಡೋಸ್ ಸರಿಯಾಗಿ ಸೇರಿತೇ ಎಂದು ಮೊದಲು ನೋಡಿ, ಬಳಿಕ ಔಷಧಿಗೆ ಬಗ್ಗದ ಸೋಂಕಿನ ಅನುಮಾನ ಪಡಬೇಕು.

ಆಸ್ಪತ್ರೆಯಿಂದ ಬಿಡುಗಡೆಯಾದವನನ್ನು ಮೇಸ್ತ್ರಿ ಮರುವಾರವೇ ಕೊಯ್ಲಿಗೆ ಕರೆಯುತ್ತಾನೆ. ಆರ್ಟಿಸುನೇಟ್ ಪಡೆದ ಕೆಲವರಲ್ಲಿ ಒಂದರಿಂದ ನಾಲ್ಕು ವಾರಗಳ ನಡುವೆ, ಪರಾವಲಂಬಿ ಪೂರ್ತಿ ಹೋದ ಮೇಲೂ, ರಕ್ತಕಣಗಳು ತಡವಾಗಿ ಒಡೆದು ಹಿಮೋಗ್ಲೋಬಿನ್ ಮತ್ತೆ ಇಳಿಯುತ್ತದೆ. ಹಾಗಾಗಿ ಏಳನೆಯ, ಹದಿನಾಲ್ಕನೆಯ, ಇಪ್ಪತ್ತೆಂಟನೆಯ ದಿನ ಲೈನ್ ಮನೆಗೇ ಹೋಗಿ ಹಿಮೋಗ್ಲೋಬಿನ್ ನೋಡಬೇಕು, ಮೂತ್ರ ಮತ್ತೆ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಬರಬೇಕೆಂದು ಅವನಿಗೂ ರೈಟರಿಗೂ ಹೇಳಿಡಬೇಕು. ಹೋದಾಗ ಅದೇ ಸಾಲಿನಲ್ಲಿ, ಅದೇ ಊರಿನಿಂದ, ಅದೇ ರೈಲಿನಲ್ಲಿ ಬಂದ ಉಳಿದವರಿಗೂ ಒಂದೊಂದು ಸ್ಲೈಡ್ ಮಾಡಿಕೊಂಡು ಬನ್ನಿ.